ಹತ್ತು ಹಾಳೆ ಕ್ಷಮೆ

ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ನಿಮ್ಮ ಮನೆಯ ಗೋಡೆಯಲ್ಲೂ ಇರಬಹುದು. ತಾರೀಖಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಬುದ್ಧಿಮಾತು ಇರುತ್ತದೆ. ಅದನ್ನು ನೀವು ಓದುವುದಿಲ್ಲ, ನನಗೆ ಗೊತ್ತು. ಹರಿದು, ನಾಲ್ಕು ಮಡಿಕೆ ಮಡಚಿ, ಅಲುಗಾಡುವ ಮೇಜಿನ ಕಾಲಿಗೆ ಕೊಡುತ್ತೀರಿ. ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಆ ಮಾತು ತಾನಾಗಿ ಅಲ್ಲಿ ಬಂದು ಕೂತದ್ದಲ್ಲ ಸ್ವಾಮಿ. ಅದನ್ನು ಆರಿಸಿ ಕೂರಿಸುವವನು ನಾನು. ಇಪ್ಪತ್ತೆಂಟು ವರ್ಷದಿಂದ ಒಂದೇ ಪ್ರೆಸ್ಸಿನಲ್ಲಿ, ಒಂದೇ ಕುರ್ಚಿಯಲ್ಲಿ ಕೂತು, ವರ್ಷಕ್ಕೆ ಮುನ್ನೂರ ಅರವತ್ತೈದು ಬುದ್ಧಿಮಾತು ಕೊಟ್ಟಿದ್ದೇನೆ. ಅಧಿಕ ವರ್ಷದಲ್ಲಿ ಅದೇ ಸಂಬಳಕ್ಕೆ ಒಂದು ಹೆಚ್ಚು.

ಈ ಕೆಲಸಕ್ಕೂ ಒಂದು ಶಾಸ್ತ್ರವಿದೆ. ಮಾತು ಒಂಬತ್ತು ಪದ ಮೀರಬಾರದು. ಸೋಮವಾರಕ್ಕೆ ದುಡಿಮೆಯ ಮಾತು, ತಿಂಗಳ ಕೊನೆಗೆ ತಾಳ್ಮೆಯದು, ಭಾನುವಾರಕ್ಕೆ ಕ್ಷಮೆಯದು. ಭಾನುವಾರ ಎಲ್ಲರೂ ಮನೆಯಲ್ಲೇ ಇರುತ್ತಾರೆ, ಹಾಗಾಗಿ ಅವತ್ತು ಕ್ಷಮೆಗೆ ಖರ್ಚು ಜಾಸ್ತಿ. ನನ್ನ ಮೇಜಿನ ಮೇಲೆ ಇಪ್ಪತ್ತು ತಗಡಿನ ಡಬ್ಬಿಗಳಿವೆ. ಕೋಪದ ಡಬ್ಬಿ ಒಂದು, ಆಸೆಯದೊಂದು, ನಾಲಿಗೆಯದೊಂದು, ಹೀಗೆ. ಕ್ಷಮೆಯ ಡಬ್ಬಿಯಲ್ಲೇ ಆರುನೂರ ಹನ್ನೆರಡು ಚೀಟಿಗಳು. ಇಷ್ಟು ಕ್ಷಮೆ ಒಂದೇ ಕಡೆ ಇಟ್ಟುಕೊಂಡ ಮನುಷ್ಯ ಇನ್ನೊಬ್ಬನಿರಲಾರ ಎಂದು ನನಗೆ ಒಳಗೊಳಗೇ ಜಂಬವಿತ್ತು.

ಇಂಥವನ ಮನೆಯಲ್ಲೇ ಜಗಳವಾಯಿತು ಅಂದರೆ ದೀಪದ ಬುಡದಲ್ಲೇ ಕತ್ತಲು ಎಂದು ನೀವು ಹೇಳುತ್ತೀರಿ. ಅದು ನನ್ನ ಡಬ್ಬಿಯಲ್ಲೂ ಇದೆ, ನೆನಪಿಸುವುದು ಬೇಡ.

ನಾವು ಮೂರು ಜನ. ಅಕ್ಕ ದೊಡ್ಡವಳು, ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಅಮ್ಮ ಅವಳ ಜೊತೆಗಿದ್ದಾರೆ. ನಡುವಿನವನು ನಾನು. ತಮ್ಮ ಕೊನೆಯವನು, ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ. ಅಪ್ಪ ತೀರಿಕೊಂಡಾಗ ತಮ್ಮನಿಗೆ ಎಂಟು ತಿಂಗಳು. ಅಮ್ಮ ಕೆಲಸಕ್ಕೆ ಹೊರಟರು, ಹದಿನೈದು ವರ್ಷದ ಅಕ್ಕ ಸ್ಕೂಲು ಬಿಟ್ಟು ಕೂಸನ್ನು ಎತ್ತಿಕೊಂಡಳು. ನಾನು ಸ್ಕೂಲು ಬಿಡಲಿಲ್ಲ. ನಾನು ಗಂಡುಹುಡುಗ, ಓದಬೇಕಾಗಿತ್ತಂತೆ.

ಈಗ ಅಕ್ಕನಿಗೆ ಐವತ್ತೆಂಟು. ಅಮ್ಮನನ್ನು ಆಸ್ಪತ್ರೆಗೆ ಯಾರ ಹಂಗೂ ಇಲ್ಲದೆ ಕರೆದೊಯ್ಯಬೇಕೆಂದು ತಮ್ಮನ ಸ್ಕೂಲಿನಲ್ಲೇ ಕಾರು ಕಲಿಯಲು ಸೇರಿದಳು. ಮೂರು ಸಲ ಪರೀಕ್ಷೆಗೆ ಹೋದಳು, ಮೂರು ಸಲವೂ ನಪಾಸು. ಕೊನೆಯ ಸಲ ಕಾರನ್ನು ಹಿಂದಕ್ಕೆ ಬಿಡಬೇಕಾದಲ್ಲಿ ಮುಂದಕ್ಕೆ ಬಿಟ್ಟು, ಇನ್‌ಸ್ಪೆಕ್ಟರ್ ಸಾಹೇಬರು ಕೂರುವ ಕುರ್ಚಿಯನ್ನು ಅಪ್ಪಚ್ಚಿ ಮಾಡಿದಳು. ಪುಣ್ಯಕ್ಕೆ ಸಾಹೇಬರು ಎದ್ದು ನಿಂತಿದ್ದರು. ತಮ್ಮ ಇದನ್ನು ನನಗೊಬ್ಬನಿಗೆ ಹೇಳಿ, "ಅಣ್ಣ, ಯಾರಿಗೂ ಹೇಳ್ಬೇಡ, ಅಕ್ಕ ನೊಂದ್ಕೊಂಡಿದಾಳೆ" ಅಂದಿದ್ದ.

ಮೂರು ತಿಂಗಳ ಹಿಂದೆ ನಮ್ಮ ಮನೆಯಲ್ಲಿ ಎಲ್ಲರಿಗೂ ಊಟ. ನೆಂಟರಿಷ್ಟರು ಹದಿನಾರು ಜನ. ಊಟದ ನಡುವೆ ಯಾಕೋ ಎಲ್ಲರೂ ಸುಮ್ಮನಾದರು. ಮನೆಯ ಯಜಮಾನನಾಗಿ ಮಾತು ಬೆಳೆಸುವುದು ನನ್ನ ಧರ್ಮ ತಾನೇ? ಕುರ್ಚಿಯ ಕಥೆ ಹೇಳಿದೆ. ಹದಿನಾರು ಜನವೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ನಗಲಿಲ್ಲ. ತಮ್ಮನ ಕಡೆ ತಿರುಗಿ, "ಊರಿಗೆಲ್ಲ ಡಂಗುರ ಹೊಡ್ಸಿದ್ಯಾ? ನಿನ್ನ ಮೂಗು ಒರೆಸಿ ದೊಡ್ಡೋನ್ನ ಮಾಡಿದ್ದಕ್ಕೆ ಇದಾ ಮರ್ಯಾದೆ?" ಅಂದಳು.

ಹದಿನಾರು ಜನರ ಮುಂದೆ ಮೂಗಿನ ವಿಷಯ ಬಂದದ್ದಕ್ಕೆ ತಮ್ಮನ ಕಿವಿ ಕೆಂಪಾಯಿತು. "ನನ್ನನ್ನ ಸಾಕು ಅಂತ ನಿನ್ನ ಯಾರು ಕೇಳಿದ್ರು?" ಅಂದುಬಿಟ್ಟ.

"ನೀನು ಹುಟ್ಟದೇ ಇದ್ದಿದ್ರೆ ಚೆನ್ನಾಗಿತ್ತು. ನಾನೂ ನಾಲ್ಕಕ್ಷರ ಓದ್ತಿದ್ದೆ" ಅಂದಳು ಅಕ್ಕ.

ಇಬ್ಬರೂ ಕೈ ತೊಳೆದು, ಬೇರೆ ಬೇರೆ ಬಾಗಿಲಿಂದ ಹೋದರು. ನಮ್ಮ ಮನೆಗೆ ಎರಡು ಬಾಗಿಲಿರುವುದು ಅವತ್ತೇ ಉಪಯೋಗಕ್ಕೆ ಬಂದದ್ದು.

"ಆ ಕುರ್ಚಿ ವಿಷಯ ಎತ್ತದೇ ಇದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ರೀ?" ಎಂದು ನನ್ನ ಹೆಂಡತಿ ಪಾತ್ರೆ ಜೋಡಿಸುತ್ತ ಕೇಳಿದಳು.

"ಮಾತಿಗೆ ಹೇಳಿದೆ ಕಣೇ. ಜಗಳ ಆಡಿದ್ದು ಅವರು" ಅಂದೆ. ನನಗೂ ಆ ಜಗಳಕ್ಕೂ ಏನು ಸಂಬಂಧ ಎಂದು ನಿಜವಾಗಿಯೂ ತಿಳಿಯಲಿಲ್ಲ.

ಮೂರು ತಿಂಗಳು ಅಕ್ಕ, ತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಷ್ಟರಲ್ಲಿ ಅಮ್ಮನ ಕಣ್ಣಿನ ಪೊರೆ ಬಲಿಯಿತು. ಗೋಡೆಗೆ ನೇತುಹಾಕಿದ ಕೋಟನ್ನು ಅಮ್ಮ ಯಾರೋ ಬಂದವರೆಂದು ತಿಳಿದು ಅರ್ಧ ಗಂಟೆ ಮಾತಾಡಿಸಿದರಂತೆ. ಕಣ್ಣಿನ ಡಾಕ್ಟರು ತಿಂಗಳ ಹದಿನೆಂಟಕ್ಕೆ, ಗುರುವಾರ, ಆಪರೇಷನ್ ಅಂದರು. ಇನ್ನೂ ತಡ ಮಾಡಿದರೆ ಕಷ್ಟ ಎಂದೂ ಹೇಳಿದರು. ಅಮ್ಮ ಒಂದೇ ಷರತ್ತು ಹಾಕಿದರು: "ಪಟ್ಟಿ ಬಿಚ್ಚಿದಾಗ ಆ ಇಬ್ಬರ ಮುಖ ಒಟ್ಟಿಗೆ ಕಾಣ್ಬೇಕು. ಇಲ್ಲಾಂದ್ರೆ ನನಗೆ ಆಪರೇಷನ್ನೇ ಬೇಡ. ಈಗ ಕಾಣೋ ಕೋಟೇ ಸಾಕು."

ಅಕ್ಕ ಹೇಳಿದಳು, "ಅವನು ಬಂದ್ರೆ ನಾನು ಬರಲ್ಲ." ತಮ್ಮ ಹೇಳಿದ, "ಅವಳಿದ್ರೆ ನಾನಿರಲ್ಲ." ಡಾಕ್ಟರು ಹೇಳಿದರು, "ಯಾರಾದರೂ ಸಹಿ ಹಾಕಿ, ಬೇಗ."

ಆರುನೂರ ಹನ್ನೆರಡು ಚೀಟಿಗಳ ಒಡೆಯನಾದ ನನಗೆ ಆಗ ಹೊಳೆಯಿತು. ಅಕ್ಕನ ಮನೆಯಲ್ಲೂ, ತಮ್ಮನ ಡ್ರೈವಿಂಗ್ ಸ್ಕೂಲಿನಲ್ಲೂ ನಾನು ಪ್ರತಿ ವರ್ಷ ಪುಕ್ಕಟೆ ಕೊಡುವ ಕ್ಯಾಲೆಂಡರೇ ತೂಗುವುದು. ನಾನು ಬಾಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ಗೋಡೆ ಹೇಳಿದರೆ ಕೇಳುತ್ತಾರೆ. ಒಂಬತ್ತನೇ ತಾರೀಖಿನಿಂದ ಹದಿನೆಂಟರವರೆಗಿನ ಹಾಳೆಗಳನ್ನು ತೆಗೆದು, ಅದೇ ತಾರೀಖಿಗೆ ಕ್ಷಮೆಯ ಮಾತಿರುವ ಬೇರೆ ಹಾಳೆ ಸೇರಿಸಿಬಿಟ್ಟರೆ? ದಿನಕ್ಕೊಂದು ಗುಳಿಗೆಯ ಹಾಗೆ ಒಳಗೆ ಹೋಗುತ್ತದೆ.

ಪ್ರೆಸ್ಸಿನ ಫೋರ್‌ಮನ್ ಇಪ್ಪತ್ತು ವರ್ಷದ ಸ್ನೇಹಿತ. "ಸಾರ್, ಗೋಡೆಗೆ ಹೇಳಿಕೊಟ್ಟು ಬುದ್ಧಿ ಹೇಳಿಸ್ತೀರಾ? ಎದುರಿಗೆ ಹೋಗಿ ಮಾತಾಡಬಾರದಾ?" ಅಂದ. ಅನುಭವವಿಲ್ಲದವನ ಮಾತು ಎಂದು ಬಿಟ್ಟೆ. ಅವನು ತಲೆ ಕೆರೆಯುತ್ತ ಒಂಬತ್ತರಿಂದ ಹದಿನಾಲ್ಕರವರೆಗೆ ಆರು ಹಾಳೆಗಳನ್ನು, ಎರಡೆರಡು ಪ್ರತಿ, ಅಚ್ಚುಕಟ್ಟಾಗಿ ಅಚ್ಚು ಹಾಕಿಕೊಟ್ಟ. ಉಳಿದ ನಾಲ್ಕು ಆಮೇಲೆ ಎಂದ. ನಾನು ಅಮ್ಮನನ್ನು ನೋಡುವ ನೆಪದಲ್ಲಿ ಅಕ್ಕನ ಮನೆಗೆ, ಸುಮ್ಮನೆ ಬಂದೆ ಎಂದು ತಮ್ಮನ ಆಫೀಸಿಗೆ ಹೋಗಿ, ಯಾರೂ ಇಲ್ಲದಾಗ ಕ್ಯಾಲೆಂಡರಿನ ತಲೆಯ ತಗಡು ಪಟ್ಟಿಯನ್ನು ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಿ, ಹಾಳೆ ಬದಲಾಯಿಸಿ, ಮತ್ತೆ ಅದುಮಿ ಬಂದೆ. ಬೆರಳು ಸಿಕ್ಕಿಕೊಂಡಿತು. ಒಳ್ಳೆಯ ಕೆಲಸಕ್ಕೆ ಅಷ್ಟು ರಕ್ತ ಹೋದರೆ ಹೋಗಲಿ ಅಂದುಕೊಂಡೆ.

ಒಂಬತ್ತನೇ ತಾರೀಖಿನ ಮಾತು: ಕ್ಷಮಿಸುವವನೇ ಎಲ್ಲರಿಗಿಂತ ದೊಡ್ಡವನು.

ಬೆಳಿಗ್ಗೆ ಏಳೂವರೆಗೆ ಅಕ್ಕನ ಫೋನ್. "ನೋಡೋ, ನಾನು ಯೋಚನೆ ಮಾಡ್ದೆ. ನಾನು ದೊಡ್ಡೋಳು. ಅವನನ್ನ ಕ್ಷಮಿಸಿದ್ದೀನಿ ಅಂತ ಹೇಳಿಬಿಡು."

ನನಗೆ ಕುಣಿಯುವಷ್ಟು ಸಂತೋಷ. ಒಂದೇ ಹಾಳೆಗೆ ಕೆಲಸ ಮುಗಿಯಿತಲ್ಲ! ತಮ್ಮನ ಆಫೀಸಿಗೆ ಓಡಿದೆ. ಅವನೂ ನನಗೆ ಫೋನ್ ಮಾಡಬೇಕೆಂದು ಕೂತಿದ್ದ. "ಅಣ್ಣ, ಅಕ್ಕನ್ನ ಕ್ಷಮಿಸಿದ್ದೀನಿ. ಹೋಗಿ ಹೇಳು" ಅಂದ.

"ಎಂಥಾ ಒಳ್ಳೇದಾಯ್ತೋ! ಅವಳೂ ನಿನ್ನನ್ನ ಕ್ಷಮಿಸಿದಾಳೆ!"

ತಮ್ಮ ಕುರ್ಚಿಯಿಂದ ಎದ್ದ. "ಅವಳು ನನ್ನನ್ನ ಕ್ಷಮಿಸೋದಾ? ನಾನೇನು ತಪ್ಪು ಮಾಡಿದ್ದೀನಿ ಅಂತ? ಕ್ಷಮಿಸಬೇಕಾದೋನು ನಾನು!"

ಅಕ್ಕನ ಮನೆಗೆ ಓಡಿದೆ. "ಅವನು ನನ್ನನ್ನ ಕ್ಷಮಿಸೋದಾ? ಕೇಳೋಕೆ ಮುಂಚೆ ಕ್ಷಮಿಸೋಕೆ ಅವನ್ಯಾರು? ನನ್ನ ಕ್ಷಮೆ ವಾಪಸ್ ಕೊಡು ಅನ್ನು!"

ಸಂಜೆಯವರೆಗೆ ಯಾರು ಮೊದಲು ಕ್ಷಮಿಸಿದ್ದು ಎಂಬುದರ ಮೇಲೆ ಜಗಳ. ಅಕ್ಕ ಏಳೂವರೆಗೆ, ತಮ್ಮ ಏಳು ಇಪ್ಪತ್ತಕ್ಕೆ ಎಂದು ವಾದ. ಎಲ್ಲರೂ ಕ್ಷಮಿಸುವವರೇ ಆದ ಮೇಲೆ ಕ್ಷಮೆ ತೆಗೆದುಕೊಳ್ಳಲು ಒಬ್ಬರೂ ಸಿಗಲಿಲ್ಲ. ನನಗೆ ತಲೆ ಗಿರ್ರೆಂದಿತು.

"ನಿನ್ನನ್ನ ಕ್ಷಮಿಸಿದ್ದೀನಿ ಅಂದ್ರೆ ತಪ್ಪು ನಿಂದೇ ಅಂತ ಅರ್ಥ ಅಲ್ವಾ ರೀ? ಅದು ಬೈಗುಳ. ಸ್ವಲ್ಪ ಇಸ್ತ್ರಿ ಮಾಡಿದ ಬೈಗುಳ" ಎಂದಳು ಹೆಂಡತಿ.

ಹತ್ತನೇ ತಾರೀಖಿನದು ಇನ್ನೂ ಬಲವಾದ ಮಾತು: ಹಳೆಯದನ್ನು ಮರೆತವನಿಗೆ ನಿದ್ದೆ ಚೆನ್ನಾಗಿ ಬರುತ್ತದೆ. ತಮ್ಮ ತಕ್ಷಣ ಒಪ್ಪಿದ. "ಸರಿ ಅಣ್ಣ, ನಾನು ಮರೆತುಬಿಟ್ಟೆ. ಅವಳಿಗೂ ಮರ್ತುಬಿಡು ಅಂತ ಹೇಳು."

ಅಕ್ಕ ಕತ್ತರಿಯನ್ನು ಮೇಜಿನ ಮೇಲಿಟ್ಟಳು. "ಏನನ್ನ ಮರೆತಿದ್ದಾನಂತೆ? ಕೇಳ್ಕೊಂಡ್ ಬಾ."

ತಮ್ಮನಲ್ಲಿಗೆ ಹೋದೆ. "ಏನನ್ನೋ ಮರೆತದ್ದು?"

"ಅದೇ, ಆವತ್ತಿಂದು."

"ಆವತ್ತಿನ ಯಾವುದು?"

"ಮರೆತಿದ್ದೀನಿ ಅಂದಮೇಲೆ ಹೆಂಗೆ ಹೇಳ್ಲಿ?"

ನ್ಯಾಯವಾಗಿ ಕಂಡಿತು. ಹಾಗೇ ಹೋಗಿ ಅಕ್ಕನಿಗೆ ಹೇಳಿದೆ. ಅಕ್ಕ ಹೊಲಿಗೆ ಮೆಷಿನ್ನಿನ ಕಾಲುಮಣೆಯನ್ನು ಎರಡು ನಿಮಿಷ ಸುಮ್ಮನೆ ತುಳಿದಳು, ಬಟ್ಟೆಯಿಲ್ಲದೆ. ಆಮೇಲೆ ಹೇಳಿದಳು, "ಹೊಡೆದೋನು ಮರೀತಾನೆ ಕಣೋ. ಅವನಿಗೆ ಏನು ಕಷ್ಟ? ಪೆಟ್ಟು ಬಿದ್ದಿರೋದು ನನಗೆ. ಮರೀಬೇಕೋ ಬೇಡ್ವೋ ಅಂತ ನಾನು ಹೇಳ್ಬೇಕು, ಅವನಲ್ಲ."

ಹನ್ನೊಂದಕ್ಕೆ, ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ. ಮೂಗಿನಿಂದಲೇ ಶುರುವಾದ ಜಗಳವೆಂದು ನನಗೆ ಅಚ್ಚಾದ ಮೇಲೆ ನೆನಪಾಯಿತು. ಆವತ್ತು ಎರಡೂ ಕಡೆ ಬಾಗಿಲು ತೆರೆಯಲಿಲ್ಲ. ಹನ್ನೆರಡಕ್ಕೆ, ಒಂದು ಕೈಯಿಂದ ಚಪ್ಪಾಳೆಯಾಗದು. ಇದು ಇಬ್ಬರನ್ನೂ ಸಮವಾಗಿ ಕಾಣುವ ಮಾತು, ಹಾಗಾಗಿ ಇಬ್ಬರಿಗೂ ಸಮವಾಗಿ ಸಿಟ್ಟು ಬಂತು. ಹದಿಮೂರು, ಹದಿನಾಲ್ಕರ ಕಥೆ ಹೇಳದಿರುವುದೇ ಲೇಸು.

ಅಂದರೆ ನನ್ನ ಚೀಟಿಗಳಲ್ಲಿ ಏನೋ ಐಬಿರಬೇಕಲ್ಲವೇ? ಹದಿನಾಲ್ಕರಂದು, ರಜೆಯ ದಿನವೂ ಪ್ರೆಸ್ಸಿಗೆ ಹೋಗಿ, ಡಬ್ಬಿ ಸುರಿದುಕೊಂಡು ಕೂತೆ. ಸಂಶೋಧನೆ ಫಲಿಸಿತು. ಆರುನೂರ ಹನ್ನೆರಡರಲ್ಲಿ ಐನೂರ ತೊಂಬತ್ತು ಚೀಟಿ 'ಕ್ಷಮಿಸು' ಎನ್ನುತ್ತವೆ. 'ಕ್ಷಮೆ ಕೇಳು' ಎನ್ನುವವು ಬರೀ ಇಪ್ಪತ್ತೆರಡು! ಕೊಡುವವರಿಗೆ ಇಷ್ಟು ಉಪದೇಶ, ಕೇಳಬೇಕಾದವನಿಗೆ ಇಷ್ಟೇ ಇಷ್ಟು. ಇಪ್ಪತ್ತೆಂಟು ವರ್ಷ ಇದನ್ನು ನಾನು ಗಮನಿಸಿರಲಿಲ್ಲ. ಒಂದೇ ಮಾತ್ರೆಯನ್ನು ಇಬ್ಬರು ರೋಗಿಗಳಿಗೂ ಕೊಟ್ಟದ್ದೇ ತಪ್ಪು ಎಂದು ತೀರ್ಮಾನಿಸಿದೆ. ಉಳಿದ ನಾಲ್ಕು ದಿನಕ್ಕೆ ತಮ್ಮನಿಗೆ ತಪ್ಪೊಪ್ಪಿಕೊಳ್ಳುವ ಮಾತು, ಅಕ್ಕನಿಗೆ ಕ್ಷಮಿಸುವ ಮಾತು.

ಫೋರ್‌ಮನ್ ಊರಿಗೆ ಹೋಗಿದ್ದ. ನಾನೇ ಅಚ್ಚು ಹಾಕಿದೆ. ಸಂಜೆಗೆ ಎರಡೂ ಕಡೆ ಹೋಗಿ ತಗಡು ಎಬ್ಬಿಸಿ, ಹಾಳೆ ಸೇರಿಸಿ, ಇನ್ನೊಂದು ಬೆರಳನ್ನೂ ಕೊಯ್ದುಕೊಂಡು ಬಂದೆ.

ಹದಿನೈದರ ಬೆಳಿಗ್ಗೆ ತಮ್ಮನ ಗೋಡೆಯ ಮೇಲೆ: ತಪ್ಪೊಪ್ಪಿಕೊಂಡವನ ಎದೆ ಹಗುರ. ಹತ್ತು ಗಂಟೆಗೆ ನಾನು ಪರಿಣಾಮ ನೋಡಲು ಹೋದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ, ಆಫೀಸು ತುಂಬ ಹೆಗಲು ಮುಟ್ಟಿಕೊಳ್ಳುವವರೇ! ಗುಮಾಸ್ತೆಯಮ್ಮ ಕಣ್ಣೊರೆಸಿಕೊಳ್ಳುತ್ತ, ಎರಡು ವರ್ಷದಿಂದ ದಿನಾ ಹತ್ತು ನಿಮಿಷ ತಡವಾಗಿ ಬಂದು ಸರಿಯಾದ ಸಮಯ ಬರೆಯುತ್ತಿದ್ದೆ ಎಂದು ಒಪ್ಪಿಕೊಂಡಳು. ಕಲಿಯಲು ಬಂದಿದ್ದ ಒಬ್ಬ ಬ್ಯಾಂಕಿನವರು, ಕಾರಿನ ಹಿಂದಿನ ನೆಗ್ಗು ತಮ್ಮದೇ ಎಂದರು. ಕಾರು ತೊಳೆಯುವವನು ಆ ನೆಗ್ಗು ತನ್ನದು ಎಂದ. ಯಾರ ನೆಗ್ಗು ಎಂದು ಅವರಿಬ್ಬರಲ್ಲಿ ವಾದವಾಯಿತು. ಒಪ್ಪಿಕೊಳ್ಳದವನು ತಮ್ಮ ಒಬ್ಬನೇ.

"ನೋಡು ಅಣ್ಣ, ಎಷ್ಟು ಜನ ತಪ್ಪು ಮಾಡಿದಾರೆ! ಈ ಹಾಳೇನ ಅಕ್ಕನ ಮನೆಗೆ ಕಳಿಸ್ಬೇಕು" ಅಂದ.

ಅಲ್ಲಿಂದ ಅಕ್ಕನ ಕಡೆ ಹೋದರೆ ಅಂಗಡಿಗೆ ಬೀಗ. ಮಂಗಳವಾರ ಅವಳ ವಾರದ ರಜೆ, ಇವತ್ತು ಸೋಮವಾರ. ಬಾಗಿಲಲ್ಲಿ ಸಮವಸ್ತ್ರದ ಬಟ್ಟೆ ಹಿಡಿದ ತಾಯಂದಿರು ಐದು ಜನ ನಿಂತು ಶಾಪ ಹಾಕುತ್ತಿದ್ದರು. ಕಾಯಿಲೆಯೋ ಏನೋ ಎಂದು ಅಂಗಡಿಯ ಹಿಂದಿರುವ ಅವಳ ಮನೆಗೆ ಹೋದೆ. ಅಕ್ಕ ಆರಾಮಾಗಿ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. "ಇವತ್ತು ರಜ ಕಣೋ" ಅಂದಳು. ಅವಳ ಮುಖ ನೋಡಿದರೆ ಎದುರು ಹೇಳುವ ಧೈರ್ಯ ಬರಲಿಲ್ಲ. ಯಾರಿಗೂ ಹೇಳದೆ ರಜ ಹಾಕಿದ್ದಾಳೆ, ಮನಸ್ಸು ಕೆಟ್ಟಿದೆ ಅಂದುಕೊಂಡು ಬಂದೆ.

ನಿಜ ಸಂಗತಿ ಮರುದಿನ ಹೊರಬಿತ್ತು. ಹದಿನಾರಕ್ಕೆ ತಮ್ಮ ಆರು ಜನ ಕಲಿಯುವವರನ್ನು ಕಾರಿನಲ್ಲಿ ತುಂಬಿಕೊಂಡು ಪರೀಕ್ಷೆಯ ಮೈದಾನಕ್ಕೆ ಹೋದ. ಪರೀಕ್ಷೆ ಬುಧವಾರ. ಅವನ ಗೋಡೆಯ ಹಾಳೆಯಲ್ಲಿ ಹದಿನಾರು, ಬುಧವಾರ ಎಂದಿತ್ತು. ಜಗತ್ತಿಗೆಲ್ಲ ಅವತ್ತು ಮಂಗಳವಾರ. ಇನ್‌ಸ್ಪೆಕ್ಟರ್ ಸಾಹೇಬರು ಮೈದಾನದ ಅಂಚಿನಲ್ಲಿ ಬನಿಯನ್ನಿನಲ್ಲಿ ಕೂತು ಗಡ್ಡ ಹೆರೆಯುತ್ತಿದ್ದರಂತೆ.

"ಇವತ್ತು ಬುಧವಾರ ಸಾರ್" ಅಂದನಂತೆ ತಮ್ಮ.

"ನಿಮಗೆ ದಿನ ಗೊತ್ತಿಲ್ಲ, ನಿಮ್ಮ ಅಕ್ಕನಿಗೆ ಹಿಂದೆ ಮುಂದೆ ಗೊತ್ತಿಲ್ಲ. ಏನ್ರೀ ನಿಮ್ಮ ವಂಶ?" ಅಂದರಂತೆ ಸಾಹೇಬರು, ಅರ್ಧ ಗಡ್ಡದಲ್ಲಿ.

ಫೋನಿನಲ್ಲಿ ದಿನ ಕಾಣುವುದಿಲ್ಲವೇ ಎಂದು ನೀವು ಕೇಳಬಹುದು. ಕಾಣುತ್ತದೆ. ಗುಮಾಸ್ತೆಯಮ್ಮ ಅದನ್ನೇ ಹೇಳಿದಾಗ ತಮ್ಮ, "ಫೋನ್ ಕೆಟ್ಟಿರ್ಬೇಕು. ನಮ್ಮಣ್ಣನ ಕ್ಯಾಲೆಂಡರ್ ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ" ಅಂದಿದ್ದನಂತೆ. ಆದದ್ದಿಷ್ಟೇ: ನಾನು ಆ ತಿಂಗಳೆಲ್ಲ ಮುಂದಿನ ವರ್ಷದ ಕ್ಯಾಲೆಂಡರ್ ಕಟ್ಟುತ್ತಿದ್ದೆ. ಫೋರ್‌ಮನ್ ಇಲ್ಲದೆ ಅಚ್ಚು ಹಾಕುವಾಗ ತಾರೀಖು ಈ ವರ್ಷದ್ದು, ವಾರ ಮುಂದಿನ ವರ್ಷದ್ದು ಇಟ್ಟುಬಿಟ್ಟಿದ್ದೆ. ಪ್ರತಿ ತಾರೀಖಿಗೂ ಅದರ ಮರುದಿನದ ವಾರದ ಹೆಸರು ಬಿದ್ದಿತ್ತು.

ತಮ್ಮ ಆಫೀಸಿಗೆ ಬಂದವನೇ ಕ್ಯಾಲೆಂಡರನ್ನು ಗೋಡೆಯಿಂದ ಕಿತ್ತ. ಹದಿನಾರರಿಂದ ಹದಿನೆಂಟರವರೆಗಿನ ಮೂರು ಹಾಳೆಗಳ ಕಾಗದದ ಬಣ್ಣವೇ ಬೇರೆ, ತಗಡಿನ ಕೆಳಗೆ ರಕ್ತದ ಕಲೆ. ಇದು ತನಗೊಬ್ಬನಿಗೋ ಇನ್ನೊಬ್ಬರಿಗೂ ಆಗಿದೆಯೋ ಎಂದು ನೋಡಲು ಅಂಥ ಕ್ಯಾಲೆಂಡರ್ ಇನ್ನೆಲ್ಲಿದೆ? ಕಾರು ತಿರುಗಿಸಿದ. ಮೂರು ತಿಂಗಳಲ್ಲಿ ಮೊದಲ ಸಲ ಅಕ್ಕನ ಬಾಗಿಲು ಬಡಿದು, "ಅಕ್ಕಾ! ನಿನ್ನ ಕ್ಯಾಲೆಂಡರ್ ತೋರ್ಸು!" ಎಂದು ಕೂಗಿದ.

ಅಕ್ಕನಿಗೂ ಅಷ್ಟರಲ್ಲಿ ಐದು ತಾಯಂದಿರಿಂದ ಬೈಗುಳ ಬಿದ್ದಾಗಿತ್ತು. ಇಬ್ಬರೂ ಸೇರಿ ನನಗೆ ಫೋನ್ ಮಾಡಿದರು. ಫೋನಿನಲ್ಲಿ ಎರಡು ದನಿ ಒಟ್ಟಿಗೆ ಕೇಳಿ ನನಗೆ ಆನಂದವೇ ಆನಂದ. ಹೆಂಡತಿಯನ್ನೂ ಹೊರಡಿಸಿಕೊಂಡು ಹೋದೆ.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎರಡು ಕ್ಯಾಲೆಂಡರುಗಳು ಹೊಟ್ಟೆ ಬಗೆದುಕೊಂಡು ಬಿದ್ದಿದ್ದವು. ಅಮ್ಮ ಮೂಲೆಯ ಕುರ್ಚಿಯಲ್ಲಿ ಕಿವಿ ನಿಮಿರಿಸಿ ಕೂತಿದ್ದರು.

"ಇದು ನಿನ್ನ ಕೆಲಸ ತಾನೇ?" ಅಂದಳು ಅಕ್ಕ.

"ಆರು ಜನರ ಮುಂದೆ ಮಾನ ಹೋಯ್ತು!" ಅಂದ ತಮ್ಮ.

"ಇವನಿಗೆ ಚಿಕ್ಕಂದಿನಿಂದಲೂ ಇದೇ ಚಾಳಿ ಅಲ್ವೇನೋ?"

"ಹೌದಕ್ಕ, ಇಲ್ಲದ ಉಸಾಬರಿ!"

"ನೋಡಿದ್ರಾ, ಇಬ್ಬರೂ ಮಾತಾಡ್ತಿದ್ದೀರಿ!" ಎಂದು ನಾನು ಕೈ ತಟ್ಟಿದೆ.

ಬಾಯಿ ಬಿಟ್ಟರೆ ಬಣ್ಣಗೇಡು. ಇಬ್ಬರಿಗೂ ತಕ್ಷಣ ನೆನಪಾಯಿತು. ಅಕ್ಕ ಕತ್ತರಿ ಹಿಡಿದು ಆ ಕಡೆ ತಿರುಗಿದಳು, ತಮ್ಮ ಈ ಕಡೆ. ಅಮ್ಮ ಹಣೆ ಚಚ್ಚಿಕೊಂಡು, "ಇವನ ಬಾಯಿಗೆ ಯಾರಾದ್ರೂ ಒಂದು ಗುಂಡಿ ಹೊಲೀರೇ" ಅಂದರು.

ತಮ್ಮನಿಗೆ ಕೈಗೆ ಏನಾದರೂ ಬೇಕಿತ್ತು. ಅಕ್ಕನ ಕ್ಯಾಲೆಂಡರಿನ ಹಾಳೆ ಮಗುಚತೊಡಗಿದ. ಅಕ್ಕ ಬೆನ್ನು ಹಾಕಿಕೊಂಡೇ ಹೇಳಿದಳು, "ಓದು, ಓದು. ತಾಳಿದವಳು ಬಾಳುತ್ತಾಳೆ. ಕ್ಷಮಿಸುವುದೇ ಹೆಣ್ಣಿಗೆ ಒಡವೆ. ಗೋಡೇನೂ ನನಗೇ ಹೇಳುತ್ತೆ. ಸ್ಕೂಲು ಬಿಟ್ಟ ದಿನದಿಂದ ಇದನ್ನೇ ಕೇಳ್ತಿದ್ದೀನಿ. ತಾಳು, ಬಿಟ್ಟುಬಿಡು, ಮರೆ. ಒಂದು ದಿನ, ಒಂದೇ ಒಂದು ದಿನ, ನಿನಗೆ ಏನಾಯ್ತು ಅಂತ ಯಾರಾದ್ರೂ ಕೇಳಿದ್ರಾ?"

ತಮ್ಮ ಹಾಳೆ ಮಗುಚುವುದನ್ನು ನಿಲ್ಲಿಸಿದ.

"ಅಕ್ಕ, ನನ್ನನ್ನ ಸಾಕು ಅಂತ ನಿನ್ನ ಯಾರು ಕೇಳಿದ್ರು ಅಂದೆನಲ್ಲ" ಅಂದ. "ನಾನೇ ಅಂದದ್ದು. ಸಿಟ್ಟಲ್ಲಿ ಬಾಯಿ ತಪ್ತು ಅಂತ ಹೇಳಲ್ಲ. ನಿನಗೆ ಎಲ್ಲಿ ನೋಯುತ್ತೆ ಅಂತ ಗೊತ್ತಿದ್ದು ಅಲ್ಲಿಗೇ ಹೊಡೆದೆ. ಮರೆತಿದ್ದೀನಿ ಅಂದದ್ದೂ ಸುಳ್ಳು. ತಪ್ಪಾಯ್ತು."

ಅಕ್ಕನ ಬೆನ್ನು ಅಲುಗಿತು. ತಿರುಗಿದಾಗ ಅವಳ ಕೈಯ ಕತ್ತರಿ ಮೇಜಿಗೆ ಬಿತ್ತು. "ನೀನು ಹುಟ್ಟದೇ ಇದ್ದಿದ್ರೆ ಚೆನ್ನಾಗಿತ್ತು ಅಂದೆ ನಾನು. ಒಂದು ದಿನಾನೂ ಹಾಗನ್ನಿಸಿಲ್ಲ ಕಣೋ. ಸ್ಕೂಲು ಬಿಟ್ಟಿದ್ದಕ್ಕೆ ಅತ್ತಿದ್ದೀನಿ. ನೀನು ಹುಟ್ಟಿದ್ದಕ್ಕಲ್ಲ. ಅದನ್ನೂ ಇದನ್ನೂ ಸೇರಿಸಿ ನಿನ್ನ ಮೇಲೆ ಎಸೆದೆ. ನಂದೂ ತಪ್ಪು."

ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ. ಇಂಥ ಹೊತ್ತಿಗೆಂದೇ ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದೆ. "ಕೂಡಿದ ಮನಸ್ಸು..." ಎಂದು ಓದಲು ಶುರುಮಾಡಿದೆ.

"ಬಾಯಿ ಮುಚ್ಚೋ!" ಎಂದು ಮೂವರೂ ಕೂಗಿದರು. ಹೆಂಡತಿ ಮಾತ್ರ ಗೌರವ ಕೊಟ್ಟು, "ಬಾಯಿ ಮುಚ್ಚಿ" ಅಂದಳು.

"ಅಣ್ಣ, ನೀನು ಆಸ್ಪತ್ರೆಗೆ ಬರೋದು ಬೇಡ. ನಾವಿಬ್ಬರೇ ನೋಡ್ಕೋತೀವಿ" ಅಂದ ತಮ್ಮ.

ಇದೇನಿದು? ಸೇರಿಸಿದವನನ್ನೇ ಹೊರಗೆ ಹಾಕುವುದೇ? "ಹೋಗ್ಲಿ, ನನ್ನನ್ನ ಕ್ಷಮಿಸಿಬಿಡಿ" ಅಂದೆ.

"ಯಾವುದಕ್ಕೆ?" ಅಂದಳು ಅಕ್ಕ.

"ಎಲ್ಲದಕ್ಕೂ."

"ಎಲ್ಲದಕ್ಕೂ ಅಂದ್ರೆ ಯಾವುದಕ್ಕೂ ಅಲ್ಲ ಅಂತ. ಹೋಗು, ಯಾವುದಕ್ಕೆ ಅಂತ ಗೊತ್ತಾದ ದಿನ ಬಾ."

ದಾರಿಯುದ್ದಕ್ಕೂ ಯೋಚಿಸಿದೆ. ಹಾಳೆ ಬದಲಾಯಿಸಿದ್ದಕ್ಕೋ? ವಾರ ತಪ್ಪಿದ್ದಕ್ಕೋ? ಕೈ ತಟ್ಟಿದ್ದಕ್ಕೋ? ಒಂದೊಂದನ್ನೇ ಹೆಂಡತಿಗೆ ಹೇಳಿ ಕೇಳಿದೆ. ಅವಳು ಪ್ರತಿಯೊಂದಕ್ಕೂ ತಲೆ ಅಡ್ಡಡ್ಡ ಆಡಿಸಿ, ಮನೆಯ ಬೀಗ ತೆಗೆಯುತ್ತ, "ಅವತ್ತು ಪಾತ್ರೆ ಜೋಡಿಸ್ತಾ ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ ನೀವು" ಅಂದಳು. ನಾನು ಮಾತಿಗೆ ಹೇಳಿದ್ದು ಕಣೇ ಎನ್ನಲು ಬಾಯಿ ತೆರೆದೆ. ಯಾಕೋ ಆ ಮಾತು ಈ ಸಲ ಹೊರಗೆ ಬರಲಿಲ್ಲ.

ಗುರುವಾರ ಆಪರೇಷನ್ ಆಯಿತೆಂದು ಹೆಂಡತಿಗೆ ಫೋನ್ ಬಂತು, ನನಗಲ್ಲ. ಶುಕ್ರವಾರ ಬೆಳಿಗ್ಗೆ ಪಟ್ಟಿ ಬಿಚ್ಚುತ್ತಾರೆ. ಬರಬೇಡ ಅಂದಿದ್ದರು, ಆದರೂ ಹೋದೆ. ಕೋಣೆಯ ಹೊರಗೆ ಗೋಡೆಗೆ ಒರಗಿ ನಿಂತೆ. ಅರ್ಧ ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಮಂಚದ ಎರಡು ಪಕ್ಕದಲ್ಲಿ ಅಕ್ಕ, ತಮ್ಮ. ನರ್ಸು ಹತ್ತಿ ತೆಗೆದು, ಹನಿ ಹಾಕಿ, "ನಿಧಾನ ಅಮ್ಮ, ಈಗ ನೋಡಿ" ಅಂದಳು.

ಅಮ್ಮ ಕಣ್ಣು ಪಿಳುಕಿಸಿದರು. ಇಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದರು. ಅಕ್ಕನ ಗಲ್ಲ ಮುಟ್ಟಿ, "ನಿನ್ನ ತಲೆ ಇಷ್ಟು ಬೆಳ್ಳಗಾಗಿದ್ದು ಯಾವಾಗ್ಲೇ?" ಅಂದರು. ತಮ್ಮನಿಗೆ, "ನೀನೂ ಸೊರಗಿದೀಯ" ಅಂದರು. ಆಮೇಲೆ ಬಾಗಿಲ ಕಡೆ ನೋಡಿ, "ಅಲ್ಲಿ ನಿಂತಿರೋದು ಕೋಟಾ, ನನ್ನ ಮಗನಾ?"

ಒಳಗೆ ಹೋದೆ. ಜೇಬಿನಲ್ಲಿ ಚೀಟಿ ಇರಲಿಲ್ಲ. ಆರುನೂರ ಹನ್ನೆರಡರಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ.

"ಅಕ್ಕ, ಆ ಕುರ್ಚಿ ಕಥೆ ಹೇಳಿದ್ದು ನಾನು" ಅಂದೆ. "ಇವನು ಯಾರಿಗೂ ಹೇಳ್ಬೇಡ ಅಂತ ನಂಬಿ ಹೇಳಿದ್ದ. ನೀನು ನೊಂದಿದೀಯ ಅಂತಾನೂ ಹೇಳಿದ್ದ. ನನಗೆ ಎಲ್ಲರೂ ನಗಬೇಕು ಅನ್ನಿಸ್ತು. ನಕ್ಕರು. ನೀನು ಮೂರು ಸಲ ಧೈರ್ಯ ಮಾಡಿ ಹೋದದ್ದನ್ನ ನಾನು ಹದಿನಾರು ಜನರ ಮುಂದೆ ತಮಾಷೆ ಮಾಡ್ದೆ. ನೀನು ಇವನ ಮೇಲೆ ತಿರುಗಿಬಿದ್ದಾಗ, ಇವನು ನನಗೊಬ್ಬನಿಗೇ ಹೇಳಿದ್ದು, ಮಾತು ತಪ್ಪಿದ್ದು ನಾನು ಅಂತ ಬಾಯಿ ಬಿಡ್ಲಿಲ್ಲ. ಮೂರು ತಿಂಗಳು ಸುಮ್ಮನಿದ್ದು, ಆಮೇಲೆ ನಿಮಗೇ ಬುದ್ಧಿ ಹೇಳ್ಕೊಂಡು ಓಡಾಡ್ದೆ. ಸ್ಕೂಲು ಬಿಟ್ಟೋಳು ನೀನು, ಓದಿದೋನು ನಾನು. ನಗೋಕೆ ನಿನ್ನನ್ನೇ ಆರಿಸ್ಕೊಂಡೆ."

ಅಕ್ಕ ನನ್ನನ್ನೇ ನೋಡಿದಳು. ನೋಡಿ, "ಹೂಂ" ಅಂದಳು.

ಅಷ್ಟೇ. ಹೂಂ ಅಂದರೆ ಏನು? ಕ್ಷಮಿಸಿದೆ ಅಂತಲೋ, ಕೇಳಿಸಿತು ಅಂತಲೋ, ಮುಂದೆ ಹೇಳು ಅಂತಲೋ? ನಾನು ತಮ್ಮನ ಮುಖ ನೋಡಿದೆ. ಅವನು ಅಕ್ಕನ ಮುಖ ನೋಡಿದ.

ಅಕ್ಕ ಔಷಧಿಯ ಸಣ್ಣ ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. "ಅಮ್ಮನ ಕಣ್ಣಿಗೆ ದಿನಕ್ಕೆ ಆರು ಸಲ ಹನಿ ಹಾಕ್ಬೇಕು. ಬೆಳಿಗ್ಗೆ ಎರಡು ಸಲ ನಂದು, ಮಧ್ಯಾಹ್ನ ಎರಡು ಸಲ ಇವನದು. ಸಂಜೆ ಆರಕ್ಕೆ, ಎಂಟಕ್ಕೆ ನೀನು ಬಂದು ಹಾಕು. ಕೈ ತೊಳ್ಕೊಂಡು ಹಾಕ್ಬೇಕು, ರೆಪ್ಪೆಗೆ ಬಾಟ್ಲಿ ತಾಗಿಸ್ಬಾರ್ದು."

"ಅಂದ್ರೆ ಅಕ್ಕ, ನನ್ನನ್ನ ಕ್ಷಮಿಸಿದ ಹಾಗಾ?"

"ಸಂಜೆ ಆರಕ್ಕೆ ಅಂದೆ."

ಇಂದಿಗೂ ನನಗೆ ಸರಿಯಾಗಿ ಅರ್ಥವಾಗಿಲ್ಲ ಸ್ವಾಮಿ. ಐದೂವರೆಗೇ ಹೋಗಿ, ಕೈಗೆ ಎರಡು ಸಲ ಸೋಪು ಹಾಕಿ ತೊಳೆದುಕೊಂಡು, ಅವಳ ಬಾಗಿಲು ತಟ್ಟಿದೆ.